ಹಂಡೆಯೊಳಗಿನ ದನಿ

"ಎಂತ ಮಾರಾಯ, ಹಂಡೆ ಒಳಗೆ ಕೂತು ಮಾತಾಡ್ತಿದೀಯಾ?" ಅಂತ ಅಮ್ಮ ಕೇಳಿದಾಗ ನಾನು ನಗಾಡಿ ಸುಮ್ನಾದೆ, ಊರಲ್ಲಿ ಮಳೆ, ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡೆ. ತೀರ್ಥಹಳ್ಳಿ ಕಡೆ ಜುಲೈನಲ್ಲಿ ಫೋನ್ ಸರಿಯಾಗಿ ಕೇಳಿಸಿದ್ರೇ ಆಶ್ಚರ್ಯ. ಆದ್ರೆ ಮಳೆ ಬಿಟ್ಟ ಮೇಲೂ ಹಂಡೆ ಬಿಡ್ಲಿಲ್ಲ. ಕೊನೆಗೆ ಒಂದು ದಿನ "ಶನಿವಾರ ಸುಮಾ ಬರ್ತಾಳೆ ಕಣಮ್ಮ" ಅಂತ ಹೇಳಿದ್ದು ಅಮ್ಮಂಗೆ "ಶನಿವಾರ ಉಮಾ ಬರ್ತಾಳೆ" ಅಂತ ಕೇಳಿಸಿ, ಸುಮಾ ಅಂದ್ರೆ ನನ್ನ ನಾದಿನಿ, ಉಮಾ ಅಂದ್ರೆ ನಾಲ್ಕು ವರ್ಷದಿಂದ ನಮ್ಮನೆ ಜೊತೆ ಮಾತು ಬಿಟ್ಟಿರೋ ಚಿಕ್ಕತ್ತೆ, ಅಮ್ಮ ಅರ್ಧ ಗಂಟೆ ಏನೂ ಮಾತಾಡದೆ ಕೂತು ಆಮೇಲೆ ಅಪ್ಪನ ಹತ್ರ "ಅವಳೇ ಬರ್ತಾಳಂತೆ, ಕಡುಬು ಮಾಡ್ಲಾ ಬೇಡ್ವಾ" ಅಂತ ಕೇಳಿದ್ರಂತೆ.

ಆವತ್ತೇ ನಾನು ಫೋನಲ್ಲಿ ಮಾತಾಡೋಕೆ ಕಿವೀಲಿ ಹಾಕೋ ಈ ವೈರ್‌ಲೆಸ್ ಇಯರ್‌ಬಡ್ ವಿಷಯ ಸೀರಿಯಸ್ಸಾಗಿ ತಗೊಂಡಿದ್ದು.

ನನಗೆ ತಲೆ ಕೆಟ್ಟಿದ್ದು ಯಾಕಂದ್ರೆ ಅದೇ ಬಡ್ಸಲ್ಲಿ ಹಾಡು ಚೆನ್ನಾಗೇ ಕೇಳ್ತಿತ್ತು. ಚೆನ್ನಾಗಿ ಅಂದ್ರೆ ಮೃದಂಗದ ಎಡಗಡೆ ಬಲಗಡೆ ಬೇರೆ ಬೇರೆ ಗೊತ್ತಾಗೋ ಅಷ್ಟು. ಹಾಡು ಇಷ್ಟು ಸ್ಪಷ್ಟ ಬರ್ತಿದೆ ಅಂದ್ಮೇಲೆ ಬಡ್ ಸರಿ ಇದೆ, ತೊಂದರೆ ಆ ಕಡೆಯದ್ದು, ಅಂತ ನಾನು ತಿಂಗಳುಗಟ್ಲೆ ವಾದ ಮಾಡ್ದೆ. ಈಗ ಯೋಚನೆ ಮಾಡಿದ್ರೆ ಮನೆ ನಲ್ಲಿಯಲ್ಲಿ ನೀರು ಚೆನ್ನಾಗಿ ಬರ್ತಿದೆ, ಹಾಗಾಗಿ ಬಚ್ಚಲ ಮೋರಿ ಕಟ್ಟಿರೋಕೆ ಸಾಧ್ಯನೇ ಇಲ್ಲ ಅಂದ ಹಾಗಿತ್ತು ಅದು. ಹಾಡು ಫೋನಿಂದ ಕಿವಿಗೆ ಬರತ್ತೆ, ಮಾತು ಬಾಯಿಂದ ಫೋನಿಗೆ ಹೋಗ್ಬೇಕು. ದಿಕ್ಕೇ ಬೇರೆ. ಹಾಡಿಗೆ ಬೇಕಾಗಿರೋದು ಕಿವಿಯೊಳಗೆ ಕೂರೋ ಸ್ಪೀಕರು, ಮಾತಿಗೆ ಬೇಕಾಗಿರೋದು ಹೊರಗಡೆ ಇರೋ ಮೈಕು. ಅಷ್ಟೇ ಅಲ್ಲ, ಬ್ಲೂಟೂತ್ ಒಳಗೂ ಎರಡಕ್ಕೂ ದಾರಿ ಬೇರೆ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಮಾಡಿದ ತಪ್ಪುಗಳನ್ನ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ಲರೂ ಇದೇ ಎರಡು ತಪ್ಪು ಮಾಡ್ತಾರೆ ಅಂತ ಅನ್ಸತ್ತೆ. ಒಂದು, "ಜಾಲರಿ ಕ್ಲೀನ್ ಮಾಡು" ಅಂತ ಫ್ರೆಂಡ್ ಹೇಳಿದ, ನಾನು ರಬ್ಬರ್ ಟಿಪ್ ತೆಗೆದು ಒಳಗೆ ಕಾಣೋ ಜಾಲರಿನ ಉಜ್ಜಿದೆ. ಅದು ಸ್ಪೀಕರ್ ಜಾಲರಿ. ಕಿವಿ ಗುಗ್ಗೆ ಅಲ್ಲಿ ಕಟ್ಟಿದ್ರೆ ಹಾಡೇ ಮಂಕಾಗತ್ತೆ, ಒಂದು ಕಿವೀಲಿ ಕಮ್ಮಿ ಕೇಳತ್ತೆ. ಹಾಡು ಚೆನ್ನಾಗಿದೆ ಅಂದ್ರೆ ಆ ಜಾಲರಿ ಕ್ಲೀನಾಗೇ ಇದೆ ಅಂತ ಅರ್ಥ, ನಾನು ಉಜ್ಜಿದ್ದು ಉಜ್ಜಬೇಕಾಗೇ ಇಲ್ಲದ ಜಾಗ. ಎರಡು, ಆಂಡ್ರಾಯ್ಡ್ ಡೆವಲಪರ್ ಆಪ್ಷನ್ಸ್ ಒಳಗೆ ಹೋಗಿ ಬ್ಲೂಟೂತ್ ಆಡಿಯೋ ಕೋಡೆಕ್ ಅನ್ನೋದ್ರಲ್ಲಿ, ಕೋಡೆಕ್ ಅಂದ್ರೆ ಶಬ್ದನ ಕುಗ್ಗಿಸಿ ಕಳಿಸೋ ವಿಧಾನ, ಎಸ್‌ಬಿಸಿ ತೆಗೆದು ಎಎಸಿ ಹಾಕಿದೆ, ಎಲ್‌ಡಿಎಸಿ ಹಾಕಿದೆ, ಪ್ರತಿ ಸಲ ಅಮ್ಮಂಗೆ ಫೋನ್ ಮಾಡಿ "ಈಗ? ಈಗ?" ಅಂತ ಕೇಳ್ದೆ. ಆ ಲಿಸ್ಟಲ್ಲಿರೋ ಕೋಡೆಕ್ಕುಗಳೆಲ್ಲ ಹಾಡಿಗೆ. ಕಾಲ್ ಶುರುವಾದ ತಕ್ಷಣ ಅವೆಲ್ಲ ಪಕ್ಕಕ್ಕೆ ಸರಿದು ಬೇರೆಯದೇ ಒಂದು ಬರತ್ತೆ, ಆ ಮೆನುಗೂ ಇದಕ್ಕೂ ಸಂಬಂಧ ಇಲ್ಲ. ಅಮ್ಮ ಮಾತ್ರ ಮೂರನೇ ಸಲಕ್ಕೆ "ಸ್ವಲ್ಪ ಪರವಾಗಿಲ್ಲ" ಅಂದ್ರು. ಅದು ನನ್ನ ಮೇಲಿನ ಪ್ರೀತಿ, ಕೋಡೆಕ್ಕಿನ ಮಹಿಮೆ ಅಲ್ಲ.

ಆಮೇಲೆ ರೆಕಾರ್ಡ್ ಮಾಡಿ ಕೇಳೋಣ ಅಂತ ಬಡ್ಸ್ ಹಾಕ್ಕೊಂಡು ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಮಾತಾಡ್ದೆ. ಬೆಳ್ಳಿ ಥರ ಬಂತು ವಾಯ್ಸು! ನೋಡು ನಾನ್ ಹೇಳ್ಲಿಲ್ವಾ ಅಂತ ಹೆಂಡತಿಗೆ ಕೇಳಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಇದು ಬಡ್ ಮೈಕಲ್ಲೇ ರೆಕಾರ್ಡ್ ಆಗಿದ್ದಾ?" ಇಲ್ಲ. ಬಡ್ಸ್ ಕನೆಕ್ಟ್ ಆಗಿದ್ರೂ ಸುಮಾರು ಆಂಡ್ರಾಯ್ಡ್ ರೆಕಾರ್ಡರ್‌ಗಳು ಫೋನಿನ ಸ್ವಂತ ಮೈಕನ್ನೇ ಬಳಸ್ತವೆ. ಇದನ್ನ ಕಂಡುಹಿಡಿಯೋ ಉಪಾಯ ತುಂಬ ಸುಲಭ, ರೆಕಾರ್ಡ್ ಆಗ್ತಿರೋವಾಗ ಉಗುರಲ್ಲಿ ಫೋನಿನ ಕೆಳಗಡೆ ಮೆಲ್ಲಗೆ ಕೆರೀಬೇಕು, ಆಮೇಲೆ ಎಡ ಬಡ್ ಮೇಲೆ ಕೆರೀಬೇಕು, ಆಮೇಲೆ ಬಲ ಬಡ್. ಪ್ಲೇ ಮಾಡಿದಾಗ ಯಾವ ಕೆರೆತ ಕಿವಿಗೆ ರಾಚತ್ತೋ ಆ ಮೈಕು ಕೆಲಸ ಮಾಡ್ತಿತ್ತು. ನನ್ನ ರೆಕಾರ್ಡಿಂಗಲ್ಲಿ ಫೋನಿನ ಕೆರೆತ ಜೋರಾಗಿ ಬಂತು, ಬಡ್ಡಿಂದು ಹೆಸರಿಗೂ ಇಲ್ಲ.

ಈ ಕೆರೆಯೋ ಉಪಾಯನೇ ಮುಂದಿನ ಬಾಗಿಲು ತೆಗೀತು. ಹೆಂಡತೀನ ರೂಮಿಗೆ ಕಳಿಸಿ, ಬಾಗಿಲು ಹಾಕಿ, ಅವಳ ಫೋನಿಗೆ ಕಾಲ್ ಮಾಡಿ, ಎರಡೂ ಬಡ್ ಕಿವೀಲಿಟ್ಟು ಒಂದೊಂದಾಗಿ ಕೆರೆದೆ. ಬಲಗಡೆ ಕೆರೆದ್ರೆ "ಕರಕರ ಅಂತಿದೆ" ಅಂದ್ಲು, ಎಡಗಡೆ ಕೆರೆದ್ರೆ "ಏನೂ ಇಲ್ಲ, ಶುರು ಮಾಡಿದ್ಯಾ?" ಅಂದ್ಲು. ಅಂದ್ರೆ ಎರಡು ಕಿವೀಲೂ ಬಡ್ ಇದ್ರೂ ಕಾಲಲ್ಲಿ ನನ್ನ ಮಾತು ಹಿಡೀತಿದ್ದದ್ದು ಬಲಗಡೆದು ಒಂದೇ. ಬಹಳಷ್ಟು ವೈರ್‌ಲೆಸ್ ಬಡ್ಸ್ ಹೀಗೇ. ಎರಡರಲ್ಲಿ ಒಂದು ಯಜಮಾನ, ಫೋನಿನ ಜೊತೆ ಮಾತುಕತೆ ಅದರದ್ದು, ಕಾಲಿಗೆ ಮೈಕ್ ಕೊಡೋದೂ ಅದೇ. ಯಾವ್ದು ಯಜಮಾನ ಅನ್ನೋದು ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ, ಕೆಲವದ್ರಲ್ಲಿ ಡಬ್ಬಿಯಿಂದ ಮೊದಲು ಹೊರಗೆ ಬಂದಿದ್ದು, ಕೆಲವದ್ರಲ್ಲಿ ಚಾರ್ಜ್ ಜಾಸ್ತಿ ಇರೋದು, ಮತ್ತೆ ಒಂದನ್ನ ಡಬ್ಬಿಗೆ ವಾಪಸ್ ಹಾಕಿದ್ರೆ ಯಜಮಾನಿಕೆ ಇನ್ನೊಂದಕ್ಕೆ ಹೋಗತ್ತೆ. ಏರ್‌ಪಾಡ್ಸ್ ಇರೋರಿಗೆ ಐಫೋನ್ ಸೆಟ್ಟಿಂಗ್ಸಲ್ಲೇ ಮೈಕ್ರೋಫೋನ್ ಅಂತ ಒಂದು ಜಾಗ ಇದೆ, ತಾನಾಗೇ ಬದಲಾಗ್ಲಿ, ಯಾವಾಗ್ಲೂ ಎಡ, ಯಾವಾಗ್ಲೂ ಬಲ ಅಂತ ಮೂರು ಆಯ್ಕೆ. ನನ್ನ ಬಡ್ಸಿಗೆ ಆ ಭಾಗ್ಯ ಇಲ್ಲ.

ಕಾಲ್ ಕಟ್ ಮಾಡದೆ ಬಲಗಡೆದನ್ನ ತೆಗೆದು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕ್ದೆ. ಅರೆ ಕ್ಷಣ ನಿಶ್ಶಬ್ದ, ಆಮೇಲೆ ಗೋಡೆ ಆಚೆಯಿಂದ ಹೆಂಡತಿ ಕೂಗಿದ್ಲು, "ಹಾ! ಈಗ ಮನುಷ್ಯನ ಥರ ಕೇಳ್ತಿದೆ!"

ಆಗ ತಲೆಗೆ ಹೊಳೀತು, ಅಮ್ಮ ಭಾನುವಾರ ಯಾವತ್ತೂ ಕಂಪ್ಲೇಂಟ್ ಮಾಡಿದ್ದೇ ಇಲ್ಲ. ಭಾನುವಾರ ನಾನು ಬಲಗಡೆಗೆ ಮಗ್ಗುಲಾಗಿ ಮಲ್ಕೊಂಡು ಮಾತಾಡೋದು, ಬಲ ಕಿವಿ ದಿಂಬಿಗೆ ಒತ್ತತ್ತೆ ಅಂತ ಎಡಗಡೆ ಬಡ್ ಒಂದೇ ಹಾಕಿರ್ತೀನಿ. ಉಳಿದ ದಿನ ಸಂಜೆ ವಾಕಿಂಗ್ ಮಾಡ್ತಾ ಫೋನ್, ಬಲಗೈಯವನು ನಾನು, ಡಬ್ಬಿ ತೆಗೆದ್ರೆ ಮೊದಲು ಕೈ ಹಾಕೋದು ಬಲಗಡೆದಕ್ಕೆ, ಆಫೀಸಲ್ಲೂ ಒಂದೇ ಹಾಕೋದಾದ್ರೆ ಬಲಗಡೆದೇ. ಒಂದು ವರ್ಷದ ಬೆವರು, ಪೌಡರು, ಬಸ್ ಸ್ಟಾಪ್ ಧೂಳು, ಪ್ಯಾಂಟ್ ಜೇಬಿನ ನೂಲು ಎಲ್ಲ ತಿಂದಿದ್ದು ಅದೊಂದೇ. ಎಡಗಡೆದು ಮನೆ ಅಳಿಯನ ಥರ ಡಬ್ಬೀಲಿ ತಣ್ಣಗೆ ಇತ್ತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು ನೋಡ್ದೆ. ಬಡ್ಡಿಂದ ಕೆಳಗೆ ಇಳಿಯೋ ಕಡ್ಡಿಯ ತುದೀಲಿ, ಸಾಸಿವೆಯಷ್ಟೂ ಇಲ್ಲದ ಒಂದು ತೂತು, ಅದ್ರೊಳಗೆ ಲೋಹದ ಸಣ್ಣ ಜಾಲರಿ. ಎಡಗಡೆದು ಮಿನುಗ್ತಿತ್ತು, ಒಂದೊಂದು ಕಣ್ಣೂ ಕಾಣ್ತಿತ್ತು. ಬಲಗಡೆದು ಬೂದಿ ಬಣ್ಣ, ಮೇಣ ಬಳಿದ ಹಾಗೆ.

ಇಲ್ಲಿ ಒಂದು ವಿಷಯ ನಿಧಾನಕ್ಕೆ ಹೇಳ್ಬೇಕು. ಕಿವೀಲಿರೋ ಬಡ್ಡಿಗೂ ಬಾಯಿಗೂ ಸುಮಾರು ಹತ್ತು ಹನ್ನೆರಡು ಸೆಂಟಿಮೀಟರ್ ದೂರ, ಅದೂ ಎದುರಿಗಲ್ಲ, ಪಕ್ಕಕ್ಕೆ. ಮಾತಿನ ದಪ್ಪ ದನಿ ಕೆನ್ನೆ ಸುತ್ತಿ ಹಿಂದಕ್ಕೂ ಬರತ್ತೆ, ಆದ್ರೆ ಸ, ಫ, ಚ ಥರದ ಚೂಪು ಶಬ್ದಗಳು ನೆಟ್ಟಗೆ ಮುಂದಕ್ಕೆ ಹೋಗ್ಬಿಡ್ತವೆ. ಅಂದ್ರೆ ಹೊಸಾ ಬಡ್ಡಿಗೂ ಸಿಗೋದು ಆಗ್ಲೇ ಸ್ವಲ್ಪ ಮಂಕಾದ ಮಾತು, ಒಳಗಿರೋ ಚಿಪ್ಪು ಆ ಚೂಪನ್ನ ಎತ್ತಿ ಸರಿ ಮಾಡತ್ತೆ. ಜಾಲರಿ ಮೇಲೆ ಜಿಡ್ಡು ಕೂತ್ರೆ ಮೊದಲು ಸಾಯೋದು ಇದೇ ಚೂಪು, ಎತ್ತೋಕೆ ಏನೂ ಉಳಿದಿರಲ್ಲ, ಎತ್ತಿದ್ರೆ ಬರೀ ಹಿಸ್ಸ್ ಅನ್ನೋ ಸದ್ದು ಬರತ್ತೆ. ಇನ್ನೂ ಒಂದಿದೆ. ಬಡ್ಡಲ್ಲಿ ಮೈಕು ಸಾಮಾನ್ಯವಾಗಿ ಎರಡಿರ್ತವೆ, ಕೆಳಗೊಂದು ಬಾಯಿ ಕಡೆಗೆ, ಮೇಲೊಂದು ಹೊರಗಡೆಗೆ, ಎರಡನ್ನೂ ಹೋಲಿಸಿ ಯಾವ್ದು ನಿಮ್ಮ ಮಾತು, ಯಾವ್ದು ಬೀದಿ ಗದ್ದಲ ಅಂತ ಲೆಕ್ಕ ಹಾಕ್ತವೆ. ಕೆಳಗಿನದು ಕಟ್ಟಿದ್ರೆ ಲೆಕ್ಕ ತಲೆಕೆಳಗಾಗಿ ನಿಮ್ಮ ಮಾತನ್ನೇ ಗದ್ದಲ ಅಂದ್ಕೊಂಡು ಕತ್ತರಿಸೋಕೆ ಶುರು ಮಾಡಬಹುದು, ಅದಕ್ಕೇ ರಸ್ತೇಲಿ ಇನ್ನೂ ಕೆಟ್ಟದಾಗಿ ಕೇಳೋದು.

ಕ್ಲೀನ್ ಮಾಡಿದ್ದು ಹೀಗೆ. ಚಿಕ್ಕ ಮಕ್ಕಳ ಮೆತ್ತನೆ ಟೂತ್‌ಬ್ರಷ್ ಹೊಸದು ತಂದೆ, ಒಣಗಿದ್ದು, ನೀರಿಲ್ಲ. ಬಡ್ಡನ್ನ ತೂತು ಕೆಳಗೆ ಮುಖ ಮಾಡೋ ಹಾಗೆ ಹಿಡಿದೆ, ಇದು ಮುಖ್ಯ, ಮೇಲ್ಮುಖ ಮಾಡಿ ಉಜ್ಜಿದ್ರೆ ಬಿಟ್ಟ ಕೊಳೆ ಒಳಗೇ ಇಳಿಯತ್ತೆ. ಒತ್ತದೆ, ಪಕ್ಕಕ್ಕೆ ಗುಡಿಸೋ ಥರ ಇಪ್ಪತ್ತು ಸಲ. ಆಮೇಲೆ ಗೋಡೆಗೆ ಫೋಟೋ ಅಂಟಿಸ್ತಾರಲ್ಲ ಹಿಟ್ಟಿನ ಥರದ ಅಂಟು, ಅದರ ಸಣ್ಣ ಉಂಡೆ ಮಾಡಿ ತೂತಿನ ಮೇಲೆ ಮೆಲ್ಲಗೆ ಇಟ್ಟು ಎತ್ತೋದು, ಪ್ರತಿ ಸಲ ಹೊಸ ಮುಖ, ನಾಲ್ಕೈದು ಸಲ. ಒತ್ತಿ ತುಂಬಿದ್ರೆ ಅಂಟೇ ಒಳಗೆ ಉಳಿಯತ್ತೆ, ಆಮೇಲೆ ಅದನ್ನ ತೆಗೆಯೋಕೆ ಇನ್ನೊಂದು ಬರಹ ಬರೀಬೇಕಾಗತ್ತೆ. ಕೊನೆಗೆ ಬಟ್ಟೆ ತುದಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಸೋಕಿಸಿ, ತೂತಿನ ಅಂಚನ್ನ ಮಾತ್ರ ಒರೆಸಿದೆ, ತೊಟ್ಟಿಕ್ಕೋ ಹಾಗಲ್ಲ. ಒಂದು ಗಂಟೆ ಹೊರಗಿಟ್ಟು ಆಮೇಲೆ ಡಬ್ಬಿಗೆ.

ಪಿನ್ ಹಾಕ್ಬೇಡಿ. ಹಾಕ್ಬೇಕು ಅನ್ಸತ್ತೆ, ಗೊತ್ತು, ನನಗೂ ಸೇಫ್ಟಿ ಪಿನ್ ಕೈಗೆ ಬಂದಿತ್ತು. ಜಾಲರಿ ಹಿಂದೆ ಇರೋ ಮೈಕಿನ ಪರದೆ ಕೂದಲಿಗಿಂತ ತೆಳು, ಕಂಪ್ಯೂಟರ್ ಕ್ಲೀನ್ ಮಾಡೋ ಗಾಳಿ ಡಬ್ಬಿ ಹೊಡೆದ್ರೂ ಹರಿದು ಹೋಗಬಹುದು. ಬಾಯಲ್ಲಿ ಊದೋದೂ ಬೇಡ, ಎಂಜಲಿನ ತೇವ ಸೇರ್ಕೊಳತ್ತೆ.

ಸರಿ ಆಯ್ತಾ ಅಂತ ಹೇಗೆ ಗೊತ್ತಾಗ್ಬೇಕು? ಅಮ್ಮನ "ಪರವಾಗಿಲ್ಲ" ನಂಬೋ ಹಾಗಿಲ್ಲ. ಅದಕ್ಕೆ ಬ್ರಷ್ ಹಿಡಿಯೋಕೆ ಮುಂಚೇನೇ ಲ್ಯಾಪ್‌ಟಾಪ್ ಸಹಾಯಕ್ಕೆ ಬಂತು, ಸಹಾಯದ ಜೊತೆ ಎರಡನೇ ರೋಗಾನೂ ತೋರಿಸ್ತು. ನನ್ನದು ಲಿನಕ್ಸ್ ಲ್ಯಾಪ್‌ಟಾಪು. ಬಡ್ಸ್ ಮೈಕನ್ನ ಅಲ್ಲಿ ಇನ್‌ಪುಟ್ ಅಂತ ಆರಿಸಿ ಆಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ರೆಕಾರ್ಡ್ ಮಾಡಿದ್ರೆ ಮೋಸ ಇಲ್ಲ, ಬಡ್ಡಿಂದೇ ಬರತ್ತೆ, ಆದ್ರೂ ಕೆರೆದು ನೋಡ್ಕೊಂಡೆ. ಎಡಗಡೆದು ಒಂದೇ ಹೊರಗಿಟ್ಟು "ಸಾರು, ಸೀಬೆ, ಸೂಜಿ, ಸುಮಾ" ಅಂದೆ. ಆಮೇಲೆ ಬಲಗಡೆದು ಒಂದೇ ಇಟ್ಟು ಅದೇ ಮಾತು. ಆಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್ ಅಂತ ಒಂದು ನೋಟ ಇದೆ, ದಪ್ಪ ದನಿ ಕೆಳಗೆ, ಚೂಪು ದನಿ ಮೇಲೆ, ಬಣ್ಣದಲ್ಲಿ ಕಾಣತ್ತೆ. ನೋಡಿದ್ರೆ ಎರಡೂ ಬಡ್ಡಿನ ಚಿತ್ರ ಸರಿಯಾಗಿ 4 ಕಿಲೋಹರ್ಟ್ಸ್ ಹತ್ರ ಚಾಕುವಲ್ಲಿ ಕುಯ್ದ ಹಾಗೆ ನಿಂತಿತ್ತು, ಅದರ ಮೇಲೆ ಬರೀ ಕಪ್ಪು. ಚೆನ್ನಾಗಿದೆ ಅಂತ ಹೆಂಡತಿ ಸರ್ಟಿಫಿಕೇಟ್ ಕೊಟ್ಟ ಎಡಗಡೆದೂ ಸೇರಿ.

ಕೊಳೆ ಹೀಗೆ ಕುಯ್ಯಲ್ಲ. ಕೊಳೆ ಮಾಡೋದು ಇಳಿಜಾರು, ಮೇಲೆ ಹೋಗ್ತಾ ಹೋಗ್ತಾ ನಿಧಾನಕ್ಕೆ ಬಣ್ಣ ಮಾಸತ್ತೆ. ನೇರ ಗೆರೆ ಎಳೆದ ಹಾಗೆ ನಿಂತ್ರೆ ಅದು ಕೋಡೆಕ್.

ಆ ಬೇರೆ ದಾರಿ ಅಂದ್ನಲ್ಲ, ಅದು ಈಗ. ಹಾಡು ಕೇಳುವಾಗ ಬ್ಲೂಟೂತ್ ಎ2ಡಿಪಿ ಅನ್ನೋ ದಾರಿ ಹಿಡಿಯತ್ತೆ, ಅದು ದೊಡ್ಡ ಏಕಮುಖ ರಸ್ತೆ, ಸ್ಟೀರಿಯೋ ಹಾಡು ಆರಾಮಾಗಿ ಬರತ್ತೆ, ಆದ್ರೆ ವಾಪಸ್ ಮಾತು ಕಳಿಸೋ ಹಾಗಿಲ್ಲ. ಮೈಕು ಬೇಕು ಅಂದ ಕೂಡಲೇ ಹ್ಯಾಂಡ್ಸ್‌ಫ್ರೀ ಅನ್ನೋ ಇನ್ನೊಂದು ದಾರಿಗೆ ಹಾರತ್ತೆ, ಅದು ದ್ವಿಮುಖ, ಆದ್ರೆ ಕಿರಿದಾದ ಓಣಿ. ಹಾಡು ಕೇಳ್ತಾ ಮೀಟಿಂಗ್ ಸೇರಿದ ತಕ್ಷಣ ಎಲ್ಲ ಸಪ್ಪೆಯಾಗಿ ಹಳೇ ರೇಡಿಯೋ ಥರ ಆಗತ್ತಲ್ಲ, ಅದೇ ಕ್ಷಣ. ಈ ಓಣಿಯಲ್ಲೂ ಎರಡು ಕೋಡೆಕ್ಕು ಹೆಚ್ಚಾಗಿ ಸಿಗೋದು. ಹಳೇದು ಸಿವಿಎಸ್‌ಡಿ, ಸೆಕೆಂಡಿಗೆ 8000 ಸ್ಯಾಂಪಲ್, ಹಿಡಿಯೋಕಾಗೋದು ಅದರ ಅರ್ಧದ ತನಕ ಮಾತ್ರ, ಹಾಗಾಗಿ 4 ಕಿಲೋಹರ್ಟ್ಸ್ ಮೇಲೆ ಏನೂ ಹೋಗೋಕೆ ಸಾಧ್ಯನೇ ಇಲ್ಲ. 2011ರ ಹ್ಯಾಂಡ್ಸ್‌ಫ್ರೀ 1.6 ಜೊತೆ ಬಂದಿದ್ದು ಎಂಎಸ್‌ಬಿಸಿ, 16000 ಸ್ಯಾಂಪಲ್, ಗೋಡೆ 8 ಕಿಲೋಹರ್ಟ್ಸ್‌ಗೆ ಸರಿಯತ್ತೆ. ಈಚೆಗೆ ಎಲ್‌ಸಿ3 ಅಂತ ಇನ್ನೂ ಅಗಲದ್ದು ಬಂದಿದೆ, ಅದಕ್ಕೆ ಫೋನೂ ಬಡ್ಡೂ ಎರಡೂ ಹೊಸದಿರಬೇಕು. ಎರಡೂ ಕಡೆ ಕೂತು ಮಾತಾಡ್ಕೊಂಡು ಇಬ್ಬರಿಗೂ ಬರೋದನ್ನ ಆರಿಸ್ಕೊಳ್ತವೆ, ಒಬ್ಬರಿಗೆ ಹಳೇದು ಮಾತ್ರ ಬಂದ್ರೆ ಹಳೇದೇ ಗತಿ.

ಕೋಡೆಕ್ಕಿಂದಾಗ್ಲಿ ಕೊಳೆಯಿಂದಾಗ್ಲಿ, ಚೂಪು ಸತ್ರೆ ಕನ್ನಡಕ್ಕೆ ಎಲ್ಲಿ ಹೊಡೆಯತ್ತೆ ಅಂದ್ರೆ ಸಕಾರದಲ್ಲಿ. ಸ ಅನ್ನೋ ಶಬ್ದದ ಜೀವ ಹೆಚ್ಚಿನದು 4 ಕಿಲೋಹರ್ಟ್ಸ್ ಮೇಲೇ ಇರೋದು. ಶ ಸ್ವಲ್ಪ ಕೆಳಗೆ ಶುರುವಾಗತ್ತೆ, ಹಾಗಾಗಿ ಬದುಕುಳಿಯತ್ತೆ. ಶನಿವಾರ ಶನಿವಾರವಾಗೇ ತಲುಪಿ ಸುಮಾ ಮಾತ್ರ ಉಮಾ ಆಗಿದ್ದು ಯಾಕೆ ಅಂತ ನನಗೆ ಆಗ ಅರ್ಥ ಆಯ್ತು, ಸುಮ್ನೆ ಕೂತು ಒಬ್ಬನೇ ನಕ್ಕೆ.

ಲ್ಯಾಪ್‌ಟಾಪಲ್ಲಿ ಯಾವ ಕೋಡೆಕ್ ಓಡ್ತಿದೆ ಅಂತ ನೋಡೋಕೆ ಟರ್ಮಿನಲ್ಲಲ್ಲಿ ಒಂದು ಸಾಲು ಸಾಕು:

```
pactl list cards | grep -i headset
```

ನನ್ನಲ್ಲಿ ಬಂದ ಉತ್ತರದ ಮುಖ್ಯ ಭಾಗ ಇಷ್ಟು:

```
headset-head-unit-cvsd: Headset Head Unit (HSP/HFP, codec CVSD)
headset-head-unit: Headset Head Unit (HSP/HFP, codec mSBC)
Active Profile: headset-head-unit-cvsd
```

ಅಂದ್ರೆ ಎಂಎಸ್‌ಬಿಸಿ ಪಕ್ಕದಲ್ಲೇ ಇದೆ, ಆದ್ರೆ ಓಡ್ತಿರೋದು ಹಳೇದು. ಯಾರು ಹಾಕಿದ್ದು? ನಾನೇ. ಯಾವಾಗಲೋ ಮೀಟಿಂಗಲ್ಲಿ ವಾಯ್ಸ್ ಕಟ್ ಕಟ್ ಆಗ್ತಿತ್ತು ಅಂತ ಯಾರೋ ಹೇಳಿದ್ದು ಕೇಳಿ ಸೌಂಡ್ ಸೆಟ್ಟಿಂಗ್ಸಲ್ಲಿ ಬದಲಾಯಿಸಿ ಮರೆತಿದ್ದೆ, ಅದು ನಿಯತ್ತಾಗಿ ನೆನಪಿಟ್ಕೊಂಡಿತ್ತು. ಎಂಎಸ್‌ಬಿಸಿಗೆ ಬದಲಾಯಿಸಿ ಮತ್ತೆ ರೆಕಾರ್ಡ್ ಮಾಡ್ದೆ, ಗೋಡೆ 8ಕ್ಕೆ ಹೋಯ್ತು, ಈಗ ನಿಜವಾದ ವ್ಯತ್ಯಾಸ ಕಾಣ್ತು. ಬಲಗಡೆದನ್ನ ಕ್ಲೀನ್ ಮಾಡೋಕೆ ಮುಂಚೆ ಒಂದು ಸಲ, ಮಾಡಿದ ಮೇಲೆ ಒಂದು ಸಲ. ಮುಂಚಿನದ್ರಲ್ಲಿ 2 ಕಿಲೋಹರ್ಟ್ಸ್ ದಾಟ್ತಿದ್ದ ಹಾಗೇ ಬಣ್ಣ ಮಾಸ್ತಾ 5ರ ಹೊತ್ತಿಗೆ ಸತ್ತಿತ್ತು, ನಾಲ್ಕೂ ಸಕಾರ ಇದ್ದ ಜಾಗದಲ್ಲಿ ಏನೂ ಇಲ್ಲ. ಕ್ಲೀನ್ ಆದ ಮೇಲೆ ನಾಲ್ಕು ಸಣ್ಣ ಮೋಡ ಮೇಲಿನ ತನಕ ಎದ್ದು ಕಾಣ್ತು. ಎಡಗಡೆದ್ದಷ್ಟು ಗಾಢ ಅಲ್ಲ, ಸುಳ್ಳು ಯಾಕೆ ಹೇಳ್ಲಿ, ಎರಡನೇ ದಿನ ಇನ್ನೊಂದು ಸುತ್ತು ಬ್ರಷ್ ಮಾಡಿದ್ರೂ ಅಷ್ಟಕ್ಕೇ ನಿಂತು ಹೋಯ್ತು. ಅಲ್ಲಿಗೆ ಬಿಟ್ಟೆ. ಎರಡು ಸಲಕ್ಕೆ ಬರದ ಕೊಳೆ ಜಾಲರಿಯ ಒಳಮುಖದಲ್ಲಿರತ್ತೆ, ಅದನ್ನ ಬ್ರಷ್ಷಿಂದ ಬೆನ್ನಟ್ಟಿದ್ರೆ ಇನ್ನೂ ಒಳಗೆ ಓಡತ್ತೆ.

ಇದನ್ನೆಲ್ಲ ಜೋಡಿಸಿದ್ರೆ ನನ್ನ ಕಾಯಿಲೆ ಎರಡಿತ್ತು ಅಂತಾಯ್ತು. ಅಮ್ಮನಿಗೆ ಹಂಡೆ ಕೇಳ್ತಿದ್ದದ್ದು ಬಲಗಡೆ ಜಾಲರಿಯಿಂದ, ಫೋನು ಮೊದಲಿಂದಲೂ ಅಗಲದ ಕೋಡೆಕ್ಕಲ್ಲೇ ಇದ್ದಿರ್ಬೇಕು, ಇಲ್ಲಾಂದ್ರೆ ಭಾನುವಾರ ಅಷ್ಟು ಚೆನ್ನಾಗಿ ಕೇಳ್ತಿರ್ಲಿಲ್ಲ. ಆಫೀಸ್ ಮೀಟಿಂಗಲ್ಲಿ ಟೀಮಿನವರು "ಸರ್ ನಿಮ್ಮದು ಲ್ಯಾಂಡ್‌ಲೈನ್ ಥರ ಬರ್ತಿದೆ" ಅಂತಿದ್ದದ್ದು ಲ್ಯಾಪ್‌ಟಾಪಿನ ಕೋಡೆಕ್ಕಿಂದ. ನಾನು ಎರಡೂ ಒಂದೇ ಅಂದ್ಕೊಂಡು ಒಂದೇ ಮದ್ದು ಹುಡುಕ್ತಿದ್ದೆ. ಮೀಟಿಂಗಿಗೆ ಈಗ ಇನ್ನೂ ಸುಲಭದ ದಾರಿ ಹಿಡಿದಿದೀನಿ, ಮೈಕು ಲ್ಯಾಪ್‌ಟಾಪಿಂದು, ಕೇಳೋಕೆ ಮಾತ್ರ ಬಡ್ಸು ಅಂತ ಆರಿಸ್ತೀನಿ, ಬಡ್ ಮೈಕ್ ಯಾರೂ ಕೇಳದೆ ಇದ್ರೆ ಅದು ಓಣಿಗೆ ಹಾರೋದೇ ಇಲ್ಲ, ಹಾಡಿನ ದಾರಿಯಲ್ಲೇ ಇರತ್ತೆ, ಅವರಿಗೂ ನಾನು ಚೆನ್ನಾಗಿ ಕೇಳ್ತೀನಿ, ನನಗೂ ಅವರು. ವಿಂಡೋಸ್ ಇರೋರಿಗೂ ಇದೇ ನಡೆಯತ್ತೆ. ಮನೇಲಿ ಮಿಕ್ಸಿ ಓಡ್ತಿದ್ರೆ ಮಾತ್ರ ಅದೂ ಮೀಟಿಂಗಿಗೆ ಸೇರ್ಕೊಳತ್ತೆ.

ಊರಿನ ಕಡೆದು ಪೂರ್ತಿ ನನ್ನ ಕೈಲಿಲ್ಲ. ಬಡ್ಡಿಂದ ಫೋನು, ಫೋನಿಂದ ಟವರು, ಅಲ್ಲಿಂದ ಅಮ್ಮನ ಹಳೇ ಫೋನು, ಇದ್ರಲ್ಲಿ ಯಾವ್ದು ಕಿರಿದೋ ಮಾತು ಅಷ್ಟೇ ಅಗಲ. ಜೋರು ಮಳೆ ದಿನ ಅವರ ಫೋನು 2ಜಿಗೆ ಬಿದ್ರೆ ಕಾಲ್ ಮತ್ತೆ 4 ಕಿಲೋಹರ್ಟ್ಸ್ ಒಳಗೇ, ಆಗ ನಾನು ಬಡ್ ತೆಗೆದು ನೇರ ಫೋನಲ್ಲಿ ಎರಡು ಮಾತಾಡ್ತೀನಿ, ಆಗ್ಲೂ ಹಂಡೆ ಅಂದ್ರೆ ಬಡ್ಡಿನ ತಪ್ಪಲ್ಲ, ಮಲಗೋದು ಒಳ್ಳೇದು.

ಕಳೆದ ಬುಧವಾರ ಸಂಜೆ ವಾಕಿಂಗಲ್ಲಿ, ಬಲಗಡೆದು ಒಂದೇ ಹಾಕಿ, ಅಮ್ಮನಿಗೆ ಪರೀಕ್ಷೆ ಇಟ್ಟೆ. ನಾನು ಹೇಳಿದ್ದನ್ನ ವಾಪಸ್ ಹೇಳು ಅಂದೆ. ಸಾರು. "ಸಾರು." ಸೀಬೆ. "ಸೀಬೆ." ಸೂಜಿ. "ಸೂಜಿ, ಎಂತದಕ್ಕೋ?" ಸುಮಾ. "ಸುಮಾ."

ಒಂದು ಗಳಿಗೆ ಸುಮ್ನಿದ್ರು.

"ಹಂಗಾರೆ ಆವತ್ತು ಹೇಳಿದ್ದು ಸುಮಾನಾ? ಅಯ್ಯೋ, ನಾನು ಉಮಂಗೆ ಫೋನ್ ಮಾಡಿ ಬಾ ಅಂದ್ಬಿಟ್ಟಿದೀನಲ್ಲೋ. ನಾಡಿದ್ದು ಬರ್ತಾಳಂತೆ."